ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವರಿಗೆ: ಒಂದು ಅಳತೆ ಲೋಟದ ಲೆಕ್ಕ

(ತಾಲ್ಲೂಕು ಕೇಂದ್ರವೊಂದರ ಹಿರಿಯ ನಾಗರಿಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೆಲ್ಲ ನಮಸ್ಕಾರ.

ಈ ವಿಷಯವನ್ನು ನನ್ನ ಕ್ಲಿನಿಕ್ಕಿನಲ್ಲಿ ಕುರ್ಚಿ ಮೇಲೆ ಕೂತು ಹೇಳಿದವರು ಬಹಳ ಕಡಿಮೆ. ಬೀಪಿ ನೋಡಿ, ಮಾತ್ರೆ ಬರೆದುಕೊಟ್ಟು, ಅವರು ಎದ್ದು ಬಾಗಿಲ ತನಕ ಹೋಗಿ ಚಪ್ಪಲಿ ಹುಡುಕುವಾಗ ತಿರುಗಿ ನಿಲ್ಲುತ್ತಾರೆ. "ಡಾಕ್ಟ್ರೇ, ಇನ್ನೊಂದು ವಿಷಯ ಇತ್ತು. ರಾತ್ರಿ ಮೂರ್ನಾಲ್ಕು ಸಲ ಒಂದಕ್ಕೆ ಏಳಬೇಕಾಗುತ್ತೆ. ವಯಸ್ಸಾಯ್ತಲ್ಲ, ಇದೆಲ್ಲ ಇದ್ದಿದ್ದೇ ಅಲ್ವಾ?" ಉತ್ತರವನ್ನೂ ಅವರೇ ಕೊಟ್ಟುಕೊಂಡಿರುತ್ತಾರೆ. ನಾನು ಅವರನ್ನು ವಾಪಸ್ ಕರೆದು ಕೂರಿಸುತ್ತೇನೆ. ಯಾಕೆ ಅಂತ ಹೇಳುವುದಕ್ಕೇ ಇವತ್ತಿನ ಈ ಮಾತು.

ವಯಸ್ಸಾದ ಮೇಲೆ ರಾತ್ರಿ ಒಂದು ಸಲ ಏಳುವುದನ್ನು ನಾವು ರೋಗ ಅನ್ನುವುದಿಲ್ಲ. ಎದ್ದು, ಹೋಗಿ ಬಂದು, ಮಲಗಿದ ಕೂಡಲೇ ನಿದ್ದೆ ಹತ್ತಿದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಎರಡು ಸಲ ಅಥವಾ ಅದಕ್ಕಿಂತ ಹೆಚ್ಚು ಏಳುತ್ತಿದ್ದೀರಿ, ಅದರಿಂದ ಹಗಲು ತೂಕಡಿಕೆ, ಸುಸ್ತು, ಸಿಡಿಮಿಡಿ ಇದೆ ಅಂದರೆ ಕಾರಣ ಹುಡುಕಬೇಕು. ಗಾಢ ನಿದ್ದೆಯ ಹೆಚ್ಚಿನ ಪಾಲು ಮಲಗಿದ ಮೊದಲ ಮೂರು, ನಾಲ್ಕು ಗಂಟೆಯಲ್ಲೇ ಬರುತ್ತದೆ. ಆ ಹೊತ್ತಿನಲ್ಲೇ ಎರಡು ಸಲ ಎಬ್ಬಿಸಿದರೆ ಆಮೇಲೆ ಎಷ್ಟು ಹೊತ್ತು ಹಾಸಿಗೆಯಲ್ಲಿ ಹೊರಳಾಡಿದರೂ ಮೈ ಹಗುರಾಗುವುದಿಲ್ಲ.

ಬರೀ ನಿದ್ದೆಯ ಮಾತಾಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ನಮ್ಮ ಸೋದರತ್ತೆ ಎಪ್ಪತ್ತೆರಡರ ವಯಸ್ಸಿನಲ್ಲಿ, ನಡುರಾತ್ರಿ ಬಚ್ಚಲಿಗೆ ಹೋಗುವಾಗ ಹಿತ್ತಲ ಬಾಗಿಲ ಹೊಸ್ತಿಲು ಎಡವಿ ಬಿದ್ದರು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು, ಆದರೆ ಅಂಗಳ ದಾಟಿ ಓಡಾಡುತ್ತಿದ್ದ ಹೆಂಗಸು ಮತ್ತೆ ಯಾವತ್ತೂ ಅಂಗಳ ದಾಟಲಿಲ್ಲ. ಎರಡು ವರ್ಷದಿಂದ ರಾತ್ರಿ ಮೂರು ಸಲ ಏಳುತ್ತಿದ್ದರಂತೆ. ಮನೆಯಲ್ಲೊಬ್ಬ ಡಾಕ್ಟರ್ ಇದ್ದರೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅರವತ್ತು ದಾಟಿದ ಯಾರೇ ಬಂದರೂ ನಾನೇ ಮೊದಲು ಕೇಳುತ್ತೇನೆ: ರಾತ್ರಿ ಎಷ್ಟು ಸಲ ಏಳುತ್ತೀರಿ?

ಕಾರಣಗಳ ಪಟ್ಟಿ ಓದಿದರೆ ನಿಮಗೆ ಉಪಯೋಗವಿಲ್ಲ. ಒಬ್ಬರ ಕಥೆ ಹೇಳುತ್ತೇನೆ, ಅದರಲ್ಲೇ ಮುಖ್ಯವಾದದ್ದು ಬರುತ್ತದೆ.

ಕಿರಾಣಿ ಅಂಗಡಿ ಇಟ್ಟುಕೊಂಡವರು, ವಯಸ್ಸು ಅರವತ್ತಾರು. ಶೆಟ್ಟರು ಅಂತ ಕರೆಯೋಣ. ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆಗೆದರೆ ರಾತ್ರಿ ಒಂಬತ್ತಕ್ಕೆ ಮುಚ್ಚುವುದು. ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ಬಿಟ್ಟರೆ ಇಡೀ ದಿನ ಗಲ್ಲಾದ ಹಿಂದಿನ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾರೆ. ಬೀಪಿಗೆ ದಿನಾ ಅಮ್ಲೋಡಿಪಿನ್ 10 ಮಿ.ಗ್ರಾಂ ಮಾತ್ರೆ. ಶುಗರ್ ಇಲ್ಲ. ರಾತ್ರಿ ನಾಲ್ಕು ಸಲ ಏಳುವುದು ಶುರುವಾಗಿ ಒಂದೂವರೆ ವರ್ಷ. ಬೇರೆ ಕಡೆ ತೋರಿಸಿದಾಗ ಸ್ಕ್ಯಾನಿಂಗಿನಲ್ಲಿ ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ದಪ್ಪಗಿದೆ ಅಂತ ಬಂದಿತ್ತು. ಅದಕ್ಕೆ ಮಾತ್ರೆ ಕೊಟ್ಟಿದ್ದರು, ಐದು ತಿಂಗಳು ನುಂಗಿದ್ದರು. ಧಾರೆ ಸ್ವಲ್ಪ ಸಲೀಸಾಗಿದೆ, ರಾತ್ರಿ ಏಳುವುದು ಮಾತ್ರ ನಾಲ್ಕಕ್ಕೆ ನಾಲ್ಕೇ. ಮುಂದಿನ ದಾರಿ ಆಪರೇಷನ್ ಅಂತ ಯಾರೋ ಹೇಳಿದ್ದರಿಂದ ಹೆದರಿಕೊಂಡು ನನ್ನ ಹತ್ತಿರ ಬಂದರು.

ಅವರಿಗೆ ನಾನು ಕೊಟ್ಟ ಮೊದಲ ಔಷಧಿ ಒಂದು ಪ್ಲಾಸ್ಟಿಕ್ ಅಳತೆ ಲೋಟ ಮತ್ತು ಒಂದು ನೋಟ್‌ಬುಕ್ಕು. ಅರ್ಧ ಲೀಟರಿನ ಲೋಟ, ಪಕ್ಕದಲ್ಲಿ ಮಿಲಿಲೀಟರಿನ ಗೆರೆ ಇರುವಂಥದ್ದು, ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಮೂರು ದಿನ, ಮೂರು ರಾತ್ರಿ, ಪ್ರತಿ ಸಲ ಮೂತ್ರವನ್ನು ಅದರಲ್ಲಿ ಹಿಡಿದು, ಗಂಟೆ ಮತ್ತು ಅಳತೆ ಬರೆದು ಚೆಲ್ಲಬೇಕು. ಕುಡಿದದ್ದನ್ನೂ ಬರೆಯಬೇಕು: ನೀರು, ಕಾಫಿ, ಟೀ, ಮಜ್ಜಿಗೆ, ಸಾರು ಎಲ್ಲ. ಮಲಗಿದ ಹೊತ್ತಿಗೆ ಒಂದು ಗೆರೆ, ಬೆಳಿಗ್ಗೆ ಎದ್ದ ಹೊತ್ತಿಗೆ ಒಂದು ಗೆರೆ. ಮೂರು ದಿನ ಒಂದರ ಹಿಂದೊಂದು ಬರಬೇಕು ಅಂತಿಲ್ಲ. ಹೊರಗೆ ಹೋಗದ ದಿನ ನೋಡಿ ಮಾಡಿಕೊಂಡರಾಯಿತು.

ಇಲ್ಲಿ ಎಲ್ಲರೂ ತಪ್ಪುವ ಒಂದು ಜಾಗ ಇದೆ. ಮಲಗುವ ಮುಂಚೆ ಹೋದದ್ದು ಹಗಲಿನ ಲೆಕ್ಕಕ್ಕೆ ಸೇರುತ್ತದೆ, ಯಾಕೆಂದರೆ ಆ ಮೂತ್ರ ತಯಾರಾದದ್ದು ನೀವು ಎಚ್ಚರವಿದ್ದಾಗ. ಬೆಳಿಗ್ಗೆ ಎದ್ದ ಕೂಡಲೇ ಹೋದದ್ದು ರಾತ್ರಿಯ ಲೆಕ್ಕಕ್ಕೆ ಸೇರುತ್ತದೆ, ಅದು ತಯಾರಾದದ್ದು ನಿದ್ದೆಯಲ್ಲಿ. ಇದನ್ನು ತಿರುವುಮುರುವು ಬರೆದರೆ ಉತ್ತರವೂ ತಿರುವುಮುರುವು.

ಶೆಟ್ಟರು ವ್ಯಾಪಾರಸ್ಥರು, ಲೆಕ್ಕದಲ್ಲಿ ಅಚ್ಚುಕಟ್ಟು. ಅವರ ಎರಡನೇ ದಿನದ ಪುಟ ಹೀಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ 120 ಮಿ.ಲೀ., ಹನ್ನೆರಡಕ್ಕೆ 150, ಮೂರೂವರೆಗೆ 130, ಆರೂವರೆಗೆ 150, ಒಂಬತ್ತೂ ಕಾಲಿಗೆ 100, ಮಲಗುವ ಮುಂಚೆ ಹತ್ತೂ ಇಪ್ಪತ್ತಕ್ಕೆ 150. ಹಗಲಿನ ಮೊತ್ತ 800. ಆಮೇಲೆ ರಾತ್ರಿ: ಹನ್ನೆರಡೂ ಕಾಲಿಗೆ 310, ಎರಡಕ್ಕೆ 290, ಮೂರೂ ನಲವತ್ತಕ್ಕೆ 260, ಐದೂ ಹತ್ತಕ್ಕೆ 180, ಬೆಳಿಗ್ಗೆ ಆರೂ ಕಾಲಿಗೆ ಎದ್ದಾಗ 160. ರಾತ್ರಿಯ ಮೊತ್ತ 1200.

ಹದಿನಾರು ಗಂಟೆಯ ಹಗಲಿನಲ್ಲಿ 800, ಎಂಟು ಗಂಟೆಯ ರಾತ್ರಿಯಲ್ಲಿ 1200. ಒಟ್ಟು ಎರಡು ಲೀಟರಿನಲ್ಲಿ ನೂರಕ್ಕೆ ಅರವತ್ತು ಪಾಲು ರಾತ್ರಿಯೇ. ಅರವತ್ತೈದು ದಾಟಿದವರಲ್ಲಿ ಇದು ಮೂರನೇ ಒಂದು ಪಾಲಿಗಿಂತ, ಅಂದರೆ ಸುಮಾರು 33ಕ್ಕಿಂತ, ಹೆಚ್ಚಿದ್ದರೆ ರಾತ್ರಿ ಮೂತ್ರದ ಉತ್ಪಾದನೆಯೇ ಜಾಸ್ತಿ ಅಂತ ಲೆಕ್ಕ. ಹರೆಯದವರಲ್ಲಿ ಆ ಪಾಲು ಐದನೇ ಒಂದರಷ್ಟು ಮಾತ್ರ ಇರಬೇಕು.

ಇನ್ನೊಂದು ಅಂಶ ನೋಡಿ. ಅವರ ಮೂತ್ರಕೋಶ ಒಂದೇ ಸಲಕ್ಕೆ 310 ಮಿ.ಲೀ. ಹಿಡಿದಿದೆ. ಆರೋಗ್ಯವಂತ ಮೂತ್ರಕೋಶ ಹಿಡಿಯುವುದೇ ಮುನ್ನೂರರಿಂದ ನಾನೂರು. ಹಾಗಾದರೆ ಕೋಶದಲ್ಲಿ ದೊಡ್ಡ ದೋಷ ಕಾಣುತ್ತಿಲ್ಲ. ಪಾತ್ರೆ ಚೆನ್ನಾಗಿದೆ, ನಲ್ಲಿ ಜೋರಾಗಿ ಬಿಟ್ಟಿದೆ. ನಲ್ಲಿ ಬಿಟ್ಟಿದ್ದು ಯಾರು ಅಂತ ನೋಡಬೇಕೇ ಹೊರತು ಪಾತ್ರೆಯ ಕೆಳಗಿರುವ ಪ್ರಾಸ್ಟೇಟಿಗೆ ಮಾತ್ರ ಮದ್ದು ಮಾಡುತ್ತಾ ಕೂತರೆ ರಾತ್ರಿಯ ನಾಲ್ಕು ನಾಲ್ಕಾಗಿಯೇ ಉಳಿಯುತ್ತದೆ. ಅವರಿಗೆ ಆದದ್ದೂ ಅದೇ.

ಉತ್ತರ ಅವರ ಕಾಲಿನಲ್ಲಿತ್ತು. ಪ್ಯಾಂಟು ಮೇಲೆತ್ತಿಸಿ, ಕಣಕಾಲಿನ ಮೇಲೆ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಹತ್ತು ಎಣಿಸುವಷ್ಟು ಹೊತ್ತು ಒತ್ತಿ ತೆಗೆದೆ. ಕುಳಿ ಬಿತ್ತು. ಬೆರಳು ತೆಗೆದ ಮೇಲೂ ಹಾಗೇ ನಿಂತಿತು. ಕಾಲುಚೀಲದ ಇಲಾಸ್ಟಿಕ್ಕು ಬಳೆಯ ಹಾಗೆ ಗುರುತು ಮಾಡಿತ್ತು. "ಇದು ಸಾಯಂಕಾಲ ಬಾಯುತ್ತೆ ಡಾಕ್ಟ್ರೇ, ಬೆಳಿಗ್ಗೆ ಎದ್ದಾಗ ಸರಿಹೋಗಿರುತ್ತೆ" ಅಂದರು. ಬೆಳಿಗ್ಗೆ ಸರಿಹೋಗುವ ಆ ನೀರು ಎಲ್ಲಿಗೆ ಹೋಯಿತು ಅಂತ ಯೋಚನೆ ಮಾಡಿ.

ಇಡೀ ದಿನ ಕಾಲು ಇಳಿಬಿಟ್ಟು ಕೂತಾಗ ರಕ್ತನಾಳಗಳಿಂದ ನೀರು, ಉಪ್ಪು ನಿಧಾನಕ್ಕೆ ಜಿನುಗಿ ಕಾಲಿನ ಮಾಂಸದೊಳಗೆ ನಿಲ್ಲುತ್ತದೆ. ನಡೆದಾಡಿದರೆ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಸ್ಟೂಲಿನ ಮೇಲೆ ಕೂತವರಿಗೆ ಆ ಪಂಪು ಇಲ್ಲ. ವಯಸ್ಸಾದಂತೆ ಕಾಲಿನ ಸಿರೆಗಳ ಕವಾಟಗಳೂ ಸಡಿಲವಾಗುತ್ತವೆ. ರಾತ್ರಿ ಮೈ ಚಾಚಿ ಮಲಗಿದಾಗ ಕಾಲು ಮತ್ತು ಹೃದಯ ಒಂದೇ ಮಟ್ಟಕ್ಕೆ ಬರುತ್ತವೆ. ನಿಂತಿದ್ದ ನೀರು ಮತ್ತೆ ರಕ್ತಕ್ಕೆ ಸೇರುತ್ತದೆ. ಮೈಯಲ್ಲಿ ನೀರು ಹೆಚ್ಚಾಯಿತು ಅಂತ ಹೃದಯಕ್ಕೆ, ಮೂತ್ರಪಿಂಡಕ್ಕೆ ಗೊತ್ತಾಗುತ್ತದೆ, ಅವು ಅದನ್ನು ಸೋಸಿ ಹೊರಗೆ ಹಾಕುತ್ತವೆ. ಶೆಟ್ಟರು ಸಂಜೆ ಏಳರಿಂದ ನೀರೇ ಕುಡಿಯದೆ ಕೂತಿದ್ದರು, ಆದರೂ ಮೂತ್ರ ಬರುತ್ತಿತ್ತು. ಅದು ರಾತ್ರಿ ಕುಡಿದ ನೀರಲ್ಲ, ಹಗಲು ಕಾಲಿನಲ್ಲಿ ಕೂಡಿಟ್ಟ ನೀರು.

ಇದರ ಮೇಲೆ ಎರಡು ವಿಷಯ ಸೇರಿಕೊಂಡಿದ್ದವು. ಒಂದು ವಯಸ್ಸು. ರಾತ್ರಿ ಹೊತ್ತು ಮೆದುಳಿನಿಂದ ಬರುವ ಒಂದು ಹಾರ್ಮೋನು ಮೂತ್ರಪಿಂಡಕ್ಕೆ "ನೀರು ಉಳಿಸು" ಅನ್ನುತ್ತದೆ. ಅದಕ್ಕೇ ಎಳೆಯರು ರಾತ್ರಿಯೆಲ್ಲ ಏಳದೆ ಮಲಗುತ್ತಾರೆ. ವಯಸ್ಸಾದಂತೆ ರಾತ್ರಿಯ ಆ ಏರಿಕೆ ಕುಗ್ಗುತ್ತದೆ. ಎರಡನೆಯದು ಅಮ್ಲೋಡಿಪಿನ್. ಒಳ್ಳೆಯ ಬೀಪಿ ಮಾತ್ರೆ ಅದು, ಲಕ್ಷಾಂತರ ಜನ ತೆಗೆದುಕೊಳ್ಳುತ್ತಾರೆ. ಆದರೆ ಕೆಲವರಿಗೆ, ಅದರಲ್ಲೂ ಡೋಸ್ ಹೆಚ್ಚಿದ್ದಾಗ, ಪಾದ ಬಾಯಿಸುತ್ತದೆ. ದಯವಿಟ್ಟು ಇದನ್ನು ಕೇಳಿ ಮನೆಗೆ ಹೋಗಿ ಬೀಪಿ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಆಗುವ ಅನಾಹುತ ರಾತ್ರಿ ಏಳುವುದಕ್ಕಿಂತ ದೊಡ್ಡದು. ಬರೆದುಕೊಟ್ಟ ಡಾಕ್ಟರ ಹತ್ತಿರ "ಕಾಲು ಬಾಯುತ್ತಿದೆ" ಅಂತ ಹೇಳಿ, ಅವರು ಬೇರೆ ಮಾತ್ರೆ ನೋಡುತ್ತಾರೆ.

ಕಾಲಿನ ಬಾವು ನೋಡಿದ ಕೂಡಲೇ ಸ್ಟೂಲಿನ ಮೇಲೆ ತಪ್ಪು ಹೊರಿಸಿ ನಾನು ಸುಮ್ಮನಾಗುವ ಹಾಗಿಲ್ಲ. ಹೃದಯ ಸೋತರೂ, ಮೂತ್ರಪಿಂಡ ಕೆಟ್ಟರೂ, ಲಿವರ್ ಹಾಳಾದರೂ ಕಾಲು ಬಾಯುತ್ತದೆ. ಹೃದಯಕ್ಕೆ ಎಕೋ ಮಾಡಿಸಿದೆವು, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನು ನೋಡಿದೆವು. ಎಲ್ಲ ಸರಿ ಇತ್ತು. ಈ ಹೆಜ್ಜೆ ಬಿಟ್ಟು ಮುಂದಿನದ್ದನ್ನು ಮನೆಯಲ್ಲೇ ಮಾಡಲು ಹೊರಡಬೇಡಿ.

ಆಮೇಲೆ ಮಾಡಿದ್ದು ಸರಳ. ಬೀಪಿ ಮಾತ್ರೆ ಬದಲಾಯಿಸಿದೆ. ಸಾಯಂಕಾಲ ನಾಲ್ಕೂವರೆಯಿಂದ ಆರರ ತನಕ ಮಗನನ್ನು ಗಲ್ಲಾದಲ್ಲಿ ಕೂರಿಸಿ ಇವರು ಮನೆಗೆ ಹೋಗಿ ಮಲಗಬೇಕು, ಕಾಲಿನ ಕೆಳಗೆ ಎರಡು ದಿಂಬು, ಪಾದ ಎದೆಯ ಮಟ್ಟಕ್ಕಿಂತ ಮೇಲೆ. ರಾತ್ರಿ ಹನ್ನೆರಡಕ್ಕೆ ಬರಬೇಕಾದ ನೀರನ್ನು ಸಂಜೆಯೇ ರಕ್ತಕ್ಕೆ ಕರೆಸಿ, ಮಲಗುವ ಮುಂಚೆ ಹೊರಗೆ ಹಾಕಿಸುವ ಉಪಾಯ ಇದು. ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ಹೀಗೆ ಮಾಡಿದರೆ ಉಪಯೋಗವಿಲ್ಲ, ನೀರು ಸೋಸಿ ಹೊರಬರಲು ಎರಡು, ಮೂರು ಗಂಟೆ ಬೇಕು. ಅಂಗಡಿಯಲ್ಲಿ ಸ್ಟೂಲಿನ ಮುಂದೆ ಒಂದು ಎಣ್ಣೆ ಡಬ್ಬ ಇಟ್ಟು ಕಾಲು ಅದರ ಮೇಲೆ. ಗಂಟೆಗೊಮ್ಮೆ ಎದ್ದು ಗೋಡೌನಿನ ತನಕ ಓಡಾಟ. ಬೆಳಿಗ್ಗೆ ಹಾಸಿಗೆ ಬಿಡುವ ಮುಂಚೆಯೇ ಮೊಣಕಾಲ ತನಕ ಬಿಗಿ ಕಾಲುಚೀಲ, ಮೆಡಿಕಲ್ ಸ್ಟೋರಿನಲ್ಲಿ ಸಿಗುವಂಥದ್ದು. ಕಾಲಿನ ರಕ್ತನಾಳ ಕಟ್ಟಿದವರು, ಶುಗರಿನಿಂದ ಕಾಲು ಮರಗಟ್ಟಿದವರು ಈ ಕಾಲುಚೀಲವನ್ನು ಕೇಳದೆ ಹಾಕಬಾರದು.

ಇನ್ನು ಉಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀರು ಬಿಡುವವರು ಬೇಕಾದಷ್ಟಿದ್ದಾರೆ, ಉಪ್ಪು ಬಿಡುವವರು ಸಿಗುವುದಿಲ್ಲ. ಜಪಾನಿನ ನಾಗಸಾಕಿಯ ವೈದ್ಯರು ಹೆಚ್ಚು ಉಪ್ಪು ತಿನ್ನುತ್ತಿದ್ದ, ನಿದ್ದೆಯ ತೊಂದರೆ ಇದ್ದವರಿಗೆ ಉಪ್ಪು ಕಡಿಮೆ ಮಾಡಲು ಹೇಳಿ ನೋಡಿದರು. 2017ರಲ್ಲಿ ಲಂಡನ್ನಿನ ಮೂತ್ರರೋಗ ತಜ್ಞರ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ದಿನಕ್ಕೆ ಹತ್ತೂಮುಕ್ಕಾಲು ಗ್ರಾಂ ತಿನ್ನುತ್ತಿದ್ದವರು ಎಂಟು ಗ್ರಾಮಿಗೆ ಇಳಿದಾಗ, ರಾತ್ರಿ ಏಳುವುದು ಸರಾಸರಿ 2.3ರಿಂದ 1.4ಕ್ಕೆ ಬಂತು. ಮಾತು ಕೇಳದೆ ಉಪ್ಪು ಹೆಚ್ಚಿಸಿಕೊಂಡವರಲ್ಲಿ ಅದು 2.7ಕ್ಕೆ ಏರಿತು. ಇದೊಂದೇ ಅಧ್ಯಯನದಿಂದ ಎಲ್ಲ ಸಾಬೀತಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಉಪ್ಪು ನೀರನ್ನು ಹಿಡಿದಿಡುತ್ತದೆ, ಹಗಲು ಮುಗಿಸಲಾಗದ ಉಪ್ಪನ್ನು ಮೂತ್ರಪಿಂಡ ರಾತ್ರಿಯೂ ಕೂತು ನೀರಿನ ಜೊತೆ ಹೊರಗೆ ಹಾಕುತ್ತದೆ ಅನ್ನುವುದು ಗೊತ್ತಿರುವ ವಿಷಯ. ಬೀಪಿಗೂ ಅದರಿಂದ ಒಳ್ಳೆಯದೇ.

ನಿಮ್ಮ ಮನೆಯ ಉಪ್ಪು ಎಷ್ಟು ಅಂತ ನೋಡಲು ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ನಾಲ್ಕು ಜನರ ಮನೆಯಲ್ಲಿ ಅದು ದಿನಕ್ಕೆ 20 ಗ್ರಾಂ ಆಯಿತು. ಅಂದರೆ ಒಂದು ಕೆಜಿ ಪ್ಯಾಕೆಟ್ಟು ಐವತ್ತು ದಿನ ಬರಬೇಕು. ಶೆಟ್ಟರ ಮನೆಯಲ್ಲಿ ನಾಲ್ಕೇ ಜನ, ಪ್ಯಾಕೆಟ್ಟು ಒಡೆದ ತಾರೀಕು ಅದರ ಮೇಲೇ ಬರೆದಿಡಿ ಅಂತ ಅವರ ಮನೆಯವರಿಗೆ ಹೇಳಿದ್ದೆ. ಇಪ್ಪತ್ತೇಳು ದಿನಕ್ಕೆ ಮುಗಿಯಿತು. ಅದರ ಮೇಲೆ ಹೊರಗಿನಿಂದ ತಂದ ಉಪ್ಪಿನಕಾಯಿ, ಹಪ್ಪಳ, ಖಾರಾಬೂಂದಿ ಬೇರೆ. ರಾತ್ರಿ ಊಟಕ್ಕೆ ಮಜ್ಜಿಗೆ ಮೆಣಸಿನಕಾಯಿ ಇಲ್ಲದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ನಾನು ಎಲ್ಲ ಬಿಡಿ ಅನ್ನಲಿಲ್ಲ. ಸಂಜೆ ಆರರ ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಬೇಡ, ಬೇಕಾದರೆ ಮಧ್ಯಾಹ್ನದ ಊಟಕ್ಕೆ ಒಂದು ಚೂರು ಇರಲಿ. ಅನ್ನ ಬೇಯಿಸುವಾಗ, ಚಪಾತಿ ಕಲಸುವಾಗ ಉಪ್ಪು ಹಾಕಬೇಡಿ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು, ನಿಂಬೆ ಹಾಕಿ. ಊಟ ಒಂಬತ್ತೂವರೆಯಿಂದ ಏಳೂವರೆಗೆ ಬರಲಿ, ಡಬ್ಬಿ ಅಂಗಡಿಗೇ ಬರಲಿ.

ಆರು ವಾರ ಬಿಟ್ಟು ಮತ್ತೆ ನೋಟ್‌ಬುಕ್ಕು ತಂದರು. ರಾತ್ರಿ 700, ಇಡೀ ದಿನಕ್ಕೆ 1900. ನೂರಕ್ಕೆ ಮೂವತ್ತೇಳು ಪಾಲು, ಇನ್ನೂ 33ರ ಗೆರೆಯ ಆಚೆಯೇ. ಆದರೆ ನಾಲ್ಕು ಸಲದ ಬದಲು ಎರಡು ಸಲ, ಕೆಲವು ರಾತ್ರಿ ಒಂದೇ ಸಲ. ಮೊದಲ ಸಲ ಏಳುವುದು ಹನ್ನೆರಡೂ ಕಾಲಿನಿಂದ ಎರಡೂವರೆಗೆ ಹೋಗಿತ್ತು. ನನಗೆ ಹೆಚ್ಚು ಸಂತೋಷವಾದದ್ದು ಈ ಕೊನೆಯದಕ್ಕೆ. ನಾಲ್ಕು ಗಂಟೆ ಒಂದೇ ಸಮ ನಿದ್ದೆ ಅವರಿಗೆ ಒಂದೂವರೆ ವರ್ಷದ ಮೇಲೆ ಸಿಕ್ಕಿತ್ತು. ಪ್ರಾಸ್ಟೇಟ್ ಆಪರೇಷನ್ ಮಾತು ಅಲ್ಲಿಗೆ ನಿಂತಿತು.

ಎಲ್ಲರ ಪುಸ್ತಕವೂ ಹೀಗಿರುವುದಿಲ್ಲ. ಅರವತ್ತೆರಡರ ಒಬ್ಬ ತಾಯಿ ತಂದ ಪುಟದಲ್ಲಿ ರಾತ್ರಿ 90, 100, 80, ಬೆಳಿಗ್ಗೆ 130. ಒಟ್ಟು 400. ಹಗಲು ಹನ್ನೊಂದು ಸಲ ಹೋಗಿ 1050. ರಾತ್ರಿಯ ಪಾಲು ನೂರಕ್ಕೆ ಇಪ್ಪತ್ತೆಂಟರ ಹತ್ತಿರ, ಅದು ಸರಿಯೇ ಇದೆ. ಇಲ್ಲಿ ಉತ್ಪಾದನೆ ಸರಿ, ಮೂತ್ರಕೋಶ ನೂರು ಮಿಲಿಲೀಟರಿಗೇ ತಡೆಯದು. ಅವಸರ ಬಂದರೆ ಬಾಗಿಲ ಚಿಲಕ ತೆಗೆಯುವಷ್ಟರಲ್ಲಿ ಒಂದೆರಡು ಹನಿ ಸೋರುತ್ತದೆ ಅಂದರು, ತಲೆ ತಗ್ಗಿಸಿ. ಇದಕ್ಕೆ ದಿಂಬು, ಕಾಲುಚೀಲ ಕೆಲಸ ಮಾಡುವುದಿಲ್ಲ. ಮೊದಲು ಮೂತ್ರ ಪರೀಕ್ಷೆ ಮಾಡಿ ಸೋಂಕು ಇಲ್ಲ ಅಂತ ನೋಡಿದೆವು. ಮುಟ್ಟು ನಿಂತ ಮೇಲೆ ಆ ಭಾಗದ ಪೊರೆ ತೆಳುವಾಗಿ ಸೋಂಕು, ಅವಸರ ಎರಡೂ ಹೆಚ್ಚುತ್ತವೆ, ಗರ್ಭಕೋಶ ಜಾರಿದ್ದರೂ ಹೀಗಾಗಬಹುದು. ಅವರದ್ದು ದಿನಕ್ಕೆ ಆರು ಲೋಟ ಟೀ, ಕೊನೆಯದು ರಾತ್ರಿ ಎಂಟಕ್ಕೆ. ಅದನ್ನು ಎರಡಕ್ಕೆ ಇಳಿಸಿ, ಮಧ್ಯಾಹ್ನ ಮೂರರ ಮೇಲೆ ನಿಲ್ಲಿಸಿದರು. ಆಮೇಲೆ ಮೂತ್ರಕೋಶಕ್ಕೆ ಪಾಠ: ಹಗಲು ಅವಸರ ಬಂದಾಗ ಓಡದೆ ನಿಂತಲ್ಲೇ ನಿಂತು, ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದಾರು ಸಲ ಬಿಗಿದು ಬಿಟ್ಟು, ಅವಸರದ ಅಲೆ ಇಳಿದ ಮೇಲೆ ನಿಧಾನಕ್ಕೆ ಹೋಗುವುದು. ಮೊದಲ ವಾರ ಗಂಟೆಗೊಮ್ಮೆ ಹೋಗುತ್ತಿದ್ದವರು ಒಂದೂ ಕಾಲು ಗಂಟೆಗೆ, ಮುಂದಿನ ವಾರ ಒಂದೂವರೆಗೆ. ಇದು ಎರಡು, ಮೂರು ತಿಂಗಳ ಕೆಲಸ. ಅಷ್ಟು ತಾಳ್ಮೆಯಿಂದ ಮಾಡಿದರು, ಈಗ ಒಂದು ಸಲ ಏಳುತ್ತಾರೆ. ಮಲಬದ್ಧತೆಯಿಂದಲೂ ಮೂತ್ರಕೋಶದ ಮೇಲೆ ಒತ್ತಡ ಬೀಳುತ್ತದೆ, ಅದನ್ನೂ ಸರಿ ಮಾಡಿಕೊಳ್ಳಬೇಕು.

ಗಂಡಸರ ಪ್ರಾಸ್ಟೇಟ್ ವಿಷಯ. ಅದು ನಿಜವಾಗಿ ಕಾರಣವಾಗಿದ್ದರೆ ಹಗಲೂ ಗುರುತು ಇರುತ್ತದೆ: ಧಾರೆ ಶುರುವಾಗಲು ಕಾಯಬೇಕು, ಸಣ್ಣಗೆ ಬರುತ್ತದೆ, ನಿಂತು ನಿಂತು ಬರುತ್ತದೆ, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುತ್ತದೆ. ಮೂತ್ರ ಹೋದ ಕೂಡಲೇ ಸ್ಕ್ಯಾನ್ ಮಾಡಿದರೆ ಒಳಗೆ ಎಷ್ಟು ಉಳಿದಿದೆ ಅಂತ ಕಾಣುತ್ತದೆ. ಇಂಥವರಿಗೆ ಮಲಗುವ ಮುಂಚೆ ಒಂದು ಸಲ ಹೋಗಿ, ಎರಡು ಮೂರು ನಿಮಿಷ ಬಿಟ್ಟು ಮತ್ತೊಂದು ಸಲ ಪ್ರಯತ್ನ ಮಾಡುವುದು ಸಹಾಯ ಮಾಡುತ್ತದೆ. ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆಗಳಿಂದ ಎದ್ದು ನಿಂತಾಗ ತಲೆ ಸುತ್ತಬಹುದು ಅನ್ನುವುದು ನೆನಪಿರಲಿ.

ಇಡೀ ದಿನದ ಮೊತ್ತವೇ ಜಾಸ್ತಿ ಇದ್ದರೆ, ಅಂದರೆ ಅರವತ್ತು ಕೆಜಿ ತೂಕದವರಿಗೆ 2400 ಮಿ.ಲೀ. ದಾಟಿದರೆ, ಮೊದಲು ಶುಗರ್ ನೋಡಿಸಿ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ. ಅವನ್ನು ತೆಗೆದುಕೊಳ್ಳುವವರಿಗೆ ಮೂತ್ರ ಸ್ವಲ್ಪ ಹೆಚ್ಚಾಗುವುದು ಸಹಜ. ಹಾಗೆಯೇ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಮಾತ್ರೆ. ಅದರ ಪ್ರಭಾವ ಆರು ಗಂಟೆಯಷ್ಟು ಇರುತ್ತದೆ. ರಾತ್ರಿ ಊಟದ ಮೇಲೆ ನುಂಗಿದರೆ ನಿದ್ದೆ ಹೋಯಿತು. ಡಾಕ್ಟರನ್ನು ಕೇಳಿ ಅದನ್ನು ಬೆಳಿಗ್ಗೆಗೋ, ಮಧ್ಯಾಹ್ನಕ್ಕೋ ತಂದುಕೊಳ್ಳಿ.

ಇನ್ನೊಂದನ್ನು ಮನೆಯವರು ಹೇಳಬೇಕು, ರೋಗಿಗೆ ಗೊತ್ತಾಗುವುದಿಲ್ಲ: ಗೊರಕೆ. ಜೋರಾಗಿ ಗೊರಕೆ ಹೊಡೆಯುತ್ತಿದ್ದವರು ನಡುವೆ ಉಸಿರು ನಿಂತ ಹಾಗಾಗಿ, ಗಕ್ಕನೆ ಉಸಿರೆಳೆದು ಹೊರಳುತ್ತಾರಾ? ಹಾಗೆ ಉಸಿರು ಕಟ್ಟಿದಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ, ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ತಪ್ಪು ತಿಳಿದು ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುತ್ತದೆ. ಇವರು ಮೂತ್ರದ ಡಾಕ್ಟರ ಹತ್ತಿರ ತಿರುಗಿ ತಿರುಗಿ ಸುಸ್ತಾಗಿರುತ್ತಾರೆ. ನಿದ್ದೆಯ ಪರೀಕ್ಷೆ ಮಾಡಿಸಿ, ಉಸಿರಿಗೆ ಸಿಪ್ಯಾಪ್ ಯಂತ್ರ ಹಾಕಿದ ಮೇಲೆ ರಾತ್ರಿ ಏಳುವುದು ಕಡಿಮೆಯಾದವರನ್ನು ನಾನು ನೋಡಿದ್ದೇನೆ.

ನೀರಿನ ಬಗ್ಗೆ ಒಂದು ಮಾತು. ಮಲಗುವ ಮುಂಚೆ ಒಂದು ಚೊಂಬು ನೀರು ಕುಡಿದರೆ ಹಾರ್ಟ್ ಅಟ್ಯಾಕ್ ಬರುವುದಿಲ್ಲ ಅನ್ನುವ ವಾಟ್ಸಾಪ್ ಮೆಸೇಜು ನಿಮ್ಮೆಲ್ಲರಿಗೂ ಬಂದಿರುತ್ತದೆ. ಅದಕ್ಕೆ ಆಧಾರವಿಲ್ಲ. ಅದನ್ನು ನಂಬಿ ಕುಡಿದು ಎದ್ದವರು ಬಿದ್ದಿದ್ದಾರೆ. ಹಾಗಂತ ಹಗಲೂ ನೀರು ಬಿಡಬೇಡಿ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಕಲ್ಲಾಗುತ್ತದೆ, ಬೇಸಿಗೆಯಲ್ಲಿ ತಲೆಸುತ್ತಿ ಬೀಳುತ್ತೀರಿ. ಬೇಕಾದ ನೀರಿನ ಹೆಚ್ಚಿನ ಪಾಲನ್ನು ಸಂಜೆ ಐದರೊಳಗೆ ಮುಗಿಸಿ. ಮಲಗುವ ಮೂರು ಗಂಟೆ ಮುಂಚಿನಿಂದ ಬಾಯಿ ಒಣಗಿದರೆ ಒಂದೆರಡು ಗುಟುಕು, ಮಾತ್ರೆಗೆ ಅರ್ಧ ಲೋಟ. ಕಲ್ಲಂಗಡಿ, ರಾತ್ರಿಯ ಹಾಲು, ಕಷಾಯ, ಎರಡು ಸೌಟು ತಿಳಿಸಾರು, ಇವೂ ನೀರೇ.

ಮೂತ್ರದಲ್ಲಿ ರಕ್ತ ಕಂಡರೆ, ಅದು ಒಂದೇ ಸಲ ಕಂಡು ನಿಂತಿದ್ದರೂ, ನೋಟ್‌ಬುಕ್ಕು ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಉರಿ ಜೊತೆ ಜ್ವರ, ಹೊಟ್ಟೆ ಉಬ್ಬಿ ಮೂತ್ರವೇ ಬಾರದಿರುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಕೆಲವೇ ವಾರದಲ್ಲಿ ಬಾಯಾರಿಕೆ ಹೆಚ್ಚಿ ತೂಕ ಇಳಿಯುವುದು, ಇವಕ್ಕೂ ಹಾಗೆಯೇ.

ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಯಜಮಾನರು ಕೇಳಿದರು: "ರಾತ್ರಿ ಮೂತ್ರ ನಿಲ್ಲಿಸುವ ಮಾತ್ರೆಯೇ ಇದೆಯಂತಲ್ಲ, ಅದನ್ನು ಕೊಟ್ಟರಾಗದೇ?" ಇದೆ. ಡೆಸ್ಮೋಪ್ರೆಸ್ಸಿನ್ ಅಂತ, ಮೆದುಳಿನ ಆ ಹಾರ್ಮೋನಿನ ಹಾಗೆಯೇ ಕೆಲಸ ಮಾಡುತ್ತದೆ. ಆದರೆ ಅದು ಮೈಯಲ್ಲಿ ನೀರು ನಿಲ್ಲಿಸುವುದರಿಂದ ರಕ್ತದ ಸೋಡಿಯಂ ಕುಸಿಯಬಹುದು. ವಯಸ್ಸಾದವರಿಗೆ ಆ ಅಪಾಯ ಹೆಚ್ಚು. ಸೋಡಿಯಂ ಬಹಳ ಇಳಿದರೆ ಮೊದಲು ತಲೆನೋವು, ವಾಕರಿಕೆ, ಆಮೇಲೆ ಗಲಿಬಿಲಿ, ಫಿಟ್ಸ್ ಕೂಡ ಬರಬಹುದು. ಹೃದಯ ಸೋತವರಿಗೆ ಅದನ್ನು ಕೊಡುವ ಹಾಗಿಲ್ಲ. ತಜ್ಞರು ಸೋಡಿಯಂ ಪರೀಕ್ಷೆ ಮಾಡಿಸುತ್ತಾ ಕೊಡಬೇಕಾದ ಮಾತ್ರೆ ಅದು. ಪಕ್ಕದ ಮನೆಯವರ ಚೀಟಿ ತೋರಿಸಿ ತರುವಂಥದ್ದಲ್ಲ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಕೇಳಿದರು: "ಇದನ್ನೆಲ್ಲ ಮಾಡ್ತೀನಪ್ಪ, ಆದರೂ ಒಂದೆರಡು ಸಲ ಏಳಲೇಬೇಕಲ್ಲ. ನಮ್ಮ ಮನೇಲಿ ಬಚ್ಚಲು ಹೊರಗಿದೆ. ಏನು ಮಾಡಲಿ?" ಅವರಿಗೆ ಹೇಳಿದ್ದು: ಎಚ್ಚರವಾದ ಕೂಡಲೇ ನಿಲ್ಲಬೇಡಿ ಅಮ್ಮಾ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಒಂದು ನಿಮಿಷ ಕೂತು, ಪಾದ ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಿ. ಹಾಸಿಗೆಯಿಂದ ಬಾಗಿಲ ತನಕ ಕೆಂಪು ಅಥವಾ ಹಳದಿಯ ಮಂದ ಬಲ್ಬು ರಾತ್ರಿಯೆಲ್ಲ ಉರಿಯಲಿ, ದೊಡ್ಡ ಲೈಟ್ ಹಾಕಿದರೆ ಮತ್ತೆ ನಿದ್ದೆ ಬರುವುದಿಲ್ಲ. ಕಾಲೊರೆಸುವ ಬಟ್ಟೆ, ಚಾಪೆ ದಾರಿಯಲ್ಲಿ ಇರಬಾರದು. ಅಂಗಳ ದಾಟಬೇಕಾದರೆ ದಾಟಲೇಬೇಡಿ. ಮಂಚದ ಪಕ್ಕಕ್ಕೆ ಕಮೋಡ್ ಕುರ್ಚಿ ತರಿಸಲು ಮಗನಿಗೆ ಹೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಹಗಲು ಅದರ ಮೇಲೊಂದು ಬಟ್ಟೆ ಹಾಕಿದರಾಯಿತು. ನಾಳೆ ನಾನೇ ಅವರ ಹತ್ತಿರ ಮಾತಾಡುತ್ತೇನೆ, ನಂಬರು ಬರೆದುಕೊಟ್ಟು ಹೋಗಿ.